ಅಕ್ಷರಕ್ಕೆ ಬೆಲೆ ಎಷ್ಟು? ಅಚ್ಚುಮೊಳೆಯಿಂದ ಫಾಂಟ್ ಲೈಸೆನ್ಸ್‌ವರೆಗೆ

ಮಧುಗಿರಿಯಿಂದ ಮಾತಾಡ್ತಿದೀನಿ. ಹಿಂದೆ ಬಸ್ಸಿನ ಹಾರ್ನ್ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ನನ್ನ ಸ್ಟುಡಿಯೋ ಅಂದ್ರೆ ಮನೆ ಮಹಡಿ ಮೇಲಿನ ಒಂದು ರೂಮು ಅಷ್ಟೇ.

ಈ ಸಂಚಿಕೆ ಶುರುವಾಗೋದು ಒಂದು ಇ-ಸ್ಟಾಂಪ್ ಪೇಪರ್‌ನಿಂದ. ಅದು ಈಗಲೂ ನನ್ನ ಮೇಜಿನ ಮೇಲೆ ಇದೆ. ಕೊರಟಗೆರೆಯ ಒಬ್ಬ ಹಳೇ ಬೋರ್ಡ್ ಪೇಂಟರ್ ಮತ್ತು ನಾನು ಸೇರಿ ಬರೆಸಿದ್ದು. ಅದರ ಸಾರಾಂಶ ಎರಡೇ ಮಾತು. ಅವರು ಬ್ರಷ್‌ನಲ್ಲಿ ಬರೆದುಕೊಟ್ಟ ಕನ್ನಡ ಅಕ್ಷರಗಳನ್ನು ನಾನು ಫಾಂಟ್ ಮಾಡಿ ಆನ್‌ಲೈನ್‌ನಲ್ಲಿ ಮಾರಬಹುದು. ಮಾರಾಟದ ಬೆಲೆಯಲ್ಲಿ ಅರ್ಧ ಅವರಿಗೆ. ಇಬ್ಬರ ಸಹಿ, ಇಬ್ಬರು ಸಾಕ್ಷಿ. ಬಿ.ಕಾಂ ಓದಿದ ನಾನೇ ಕೂತು ಬರೆದದ್ದು, ಬಹಳ ಚೆನ್ನಾಗಿದೆ ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳು ಆದಮೇಲೆ ಅದನ್ನ ಮಧುಗಿರಿ ಕೋರ್ಟ್ ಹತ್ರ ಇರೋ ಒಬ್ಬ ಪರಿಚಯದ ವಕೀಲರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ‘ಇದು ಈಗ ಬರೀ ಕಾಗದ’ ಅಂದ್ರು.

ಯಾಕೆ ಹಾಗಂದ್ರು ಅನ್ನೋದು ತಿಳಿಯಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡದ ಅಕ್ಷರವನ್ನು ಇಷ್ಟು ವರ್ಷ ಯಾರು ಯಾರಿಗೆ ಮಾರಿದರು, ಏನಂತ ಮಾರಿದರು ಅನ್ನೋ ಕಥೆ ಅದು.

ನಮ್ಮ ಕಡೆಯ ಹಳೆಯ ಅಕ್ಷರಗಳು ಕಲ್ಲಿನ ಮೇಲಿವೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೇ ಸಂಪುಟ ನಮ್ಮ ತುಮಕೂರು ಜಿಲ್ಲೆಯದ್ದು, 1904ರದ್ದು. ಮಧುಗಿರಿ, ಸಿರಾ, ಪಾವಗಡ ಕಡೆಯ ಶಾಸನಗಳೆಲ್ಲ ಅದರಲ್ಲಿವೆ. ಕಲ್ಲು ಕೆತ್ತಿದವನಿಗೆ ಕೂಲಿ ಸಿಕ್ಕಿರುತ್ತೆ, ಅಕ್ಷರದ ಆಕಾರಕ್ಕೆ ಅಂತ ಬೇರೆ ದುಡ್ಡು ಯಾರೂ ಕೊಟ್ಟಿರಲ್ಲ. ನಾಳೆ ನೀವು ಆ ಶಾಸನದ ಅಕ್ಷರ ನೋಡಿಕೊಂಡು ಒಂದು ಫಾಂಟ್ ಮಾಡಿದ್ರೂ ಅಷ್ಟೇ, ಆ ಆಕಾರ ಯಾರ ಆಸ್ತಿಯೂ ಅಲ್ಲ. ನಿಮ್ಮ ಫೈಲ್ ಮಾತ್ರ ನಿಮ್ಮದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಆಮೇಲೆ ಬಂದದ್ದು ಸೀಸದ ಕಾಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯ್ತು. 1843ರಲ್ಲಿ ಮಂಗಳೂರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು, ಅದು ಕಲ್ಲಚ್ಚು. ಅಲ್ಲಿಂದ ಮುಂದೆ ನಿಧಾನಕ್ಕೆ ಅಚ್ಚುಮೊಳೆಗಳ ಕಾಲ ಊರೂರಿಗೂ ಬಂತು. ನಮ್ಮ ತಾಲೂಕು ಕೇಂದ್ರಗಳಲ್ಲೂ ಮದುವೆ ಪತ್ರಿಕೆ, ರಸೀದಿ ಪುಸ್ತಕ, ಚುನಾವಣೆ ಕರಪತ್ರ ಎಲ್ಲ ಮೊಳೆ ಜೋಡಿಸಿಯೇ ಆಗ್ತಿತ್ತು. ಮಧುಗಿರಿಯಲ್ಲಿ ಹಿಂದೆ ಪ್ರೆಸ್ ಇಟ್ಟಿದ್ದ ಒಬ್ಬ ಹಿರಿಯರನ್ನ ಕೇಳಿದೆ, ‘ಮೊಳೆ ಹೇಗೆ ಕೊಳ್ತಿದ್ರಿ?’ ಅಂತ. ‘ತೂಕದ ಲೆಕ್ಕ ಕಣಪ್ಪ. ಕನ್ನಡಕ್ಕೆ ಜಾಸ್ತಿ ಬೇಕು, ಒತ್ತು ಬೇರೆ, ಗುಡಿಸು ಬೇರೆ. ಸವೆದ ಮೇಲೆ ಹಳೇ ಸೀಸ ವಾಪಸ್ ಕೊಟ್ರೆ ಅದಕ್ಕೂ ಒಂದು ಬೆಲೆ ಇತ್ತು’ ಅಂದ್ರು.

ನನಗೆ ಆ ಉತ್ತರ ಕೇಳಿ ಒಂಥರಾ ಖುಷಿ ಆಯ್ತು, ಯಾಕಂದ್ರೆ ಅಕೌಂಟ್ಸ್ ಓದಿದವನಿಗೆ ಅದು ಅತ್ಯಂತ ಸರಳ ವ್ಯವಹಾರ. ಮೊಳೆ ಅಂದ್ರೆ ಸರಕು. ದುಡ್ಡು ಕೊಟ್ಟೆ, ನನ್ನದಾಯ್ತು. ಅದರಲ್ಲಿ ನೂರು ಪತ್ರಿಕೆ ಅಚ್ಚು ಹಾಕಿದ್ರೂ, ಲಕ್ಷ ಹಾಕಿದ್ರೂ ಫೌಂಡ್ರಿಯವನಿಗೆ ಮತ್ತೆ ಕೊಡೋದು ಏನೂ ಇಲ್ಲ. ಬೇಕಾದ್ರೆ ಪಕ್ಕದ ಊರಿನ ಪ್ರೆಸ್‌ಗೆ ಮಾರಬಹುದು. ಲೈಸೆನ್ಸ್ ಅನ್ನೋ ಮಾತಿಗೆ ಜಾಗವೇ ಇರಲಿಲ್ಲ, ಯಾಕಂದ್ರೆ ಸೀಸ ಕಾಪಿ ಪೇಸ್ಟ್ ಆಗಲ್ಲ.

ಕಾಪಿ ಪೇಸ್ಟ್ ಆಗೋಕೆ ಶುರುವಾಗಿದ್ದು ಡಿಟಿಪಿ ಬಂದಮೇಲೆ. ಫಾಂಟ್ ಈಗ ಒಂದು ಫೈಲ್. ಮಾರುವವರಿಗೆ ಹೊಸ ತಲೆನೋವು. ಅದಕ್ಕೆ ಕಂಡುಕೊಂಡ ದಾರಿ ಹಾರ್ಡ್‌ವೇರ್ ಲಾಕ್, ಅಂದ್ರೆ ಡಾಂಗಲ್. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಬಳಸಿದವರನ್ನ ಕೇಳಿ ನೋಡಿ, ಕಂಪ್ಯೂಟರ್ ಹಿಂದೆ ಬೆರಳುದ್ದದ ಒಂದು ತುಂಡು ಸಿಕ್ಕಿಸಿದ್ರೆ ಮಾತ್ರ ಕೆಲಸ ಮಾಡ್ತಿತ್ತು ಅಂತಾರೆ. ಗಮನಿಸಿ, ಮತ್ತೆ ಅದೇ ಸೀಸದ ಲೆಕ್ಕ. ಫೈಲ್ ಅನ್ನು ಕೈಯಲ್ಲಿ ಹಿಡಿಯೋ ಒಂದು ವಸ್ತುವಿಗೆ ಕಟ್ಟಿಹಾಕಿದ್ರು. ಒಂದು ಲಾಕ್, ಒಂದು ಮಷಿನ್.

ಇದರ ಪಕ್ಕದಲ್ಲೇ ಇನ್ನೊಂದು ಹೊಳೆ ಹರೀತಿತ್ತು, ಉಚಿತದ್ದು. ಕಿನ್ನಿಕಂಬಳ ಪದ್ಮನಾಭ ರಾವ್, ನಮಗೆಲ್ಲ ಕೆ. ಪಿ. ರಾವ್, ತಮ್ಮ ಗುರುಗಳಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಲ್ಲಿ ‘ಸೇಡಿಯಾಪು’ ತಂತ್ರಾಂಶ ಮಾಡಿ ಹಾಗೇ ಜನರಿಗೆ ಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಅದೂ ಬಹಳ ವರ್ಷ ಉಚಿತವಾಗಿಯೇ ಸಿಗ್ತಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೇ ಬಂತು, ಅದೂ ಉಚಿತ. ನನ್ನ ತಲೆಮಾರು ಕಂಪ್ಯೂಟರ್ ಮುಟ್ಟೋ ಹೊತ್ತಿಗೆ ಕನ್ನಡ ಫಾಂಟ್‌ಗೆ ದುಡ್ಡು ಕೊಡಬೇಕು ಅನ್ನೋ ಕಲ್ಪನೆಯೇ ನಮಗೆ ಇರಲಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ರೆ ‘ಫಾಂಟ್ಸ್’ ಅನ್ನೋ ಫೋಲ್ಡರ್ ಪೂರ್ತಿ ತುಂಬಿಕೊಡ್ತಿದ್ರು. ಅದರಲ್ಲಿ ಯಾವುದು ಉಚಿತ, ಯಾವುದು ಕದ್ದದ್ದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ.

ಆ ಉಚಿತ ಕೊಟ್ಟವರ ಬಗ್ಗೆ ನನಗೆ ತುಂಬಾ ಗೌರವ ಇದೆ, ಅವರಿಲ್ಲದಿದ್ರೆ ಈ ಟ್ರಾನ್ಸ್‌ಕ್ರಿಪ್ಟೂ ಇಲ್ಲ. ಆದ್ರೆ ಅದರ ಒಂದು ಅಡ್ಡ ಪರಿಣಾಮ ನಮ್ಮ ಮೇಲಾಯ್ತು. ‘ಉಚಿತ’ ಅಂದ್ರೆ ‘ಏನು ಬೇಕಾದ್ರೂ ಮಾಡಬಹುದು’ ಅಂತ ಅರ್ಥ ಮಾಡ್ಕೊಂಡ್ವಿ. ನಾನೂ ಹಾಗೇ ಮಾಡ್ಕೊಂಡೆ. ನನ್ನ ಮೊದಲ ಪೆಟ್ಟು ಬಿದ್ದಿದ್ದು ಅಲ್ಲೇ.

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ದಿನಗಳು. ಪ್ರೀಸೆಟ್, ಐಕಾನ್ ಪ್ಯಾಕ್, ಫಾಂಟ್ ಎಲ್ಲ ಮಾರೋ ವಿದೇಶಿ ಕ್ರಿಯೇಟಿವ್ ಮಾರ್ಕೆಟ್‌ಪ್ಲೇಸ್‌ಗಳ ವಿಡಿಯೋ ನೋಡಿ ನನಗೂ ಆಸೆ ಹುಟ್ಟಿತು. ಮೊದಲು ಪ್ರೀಸೆಟ್ ಪ್ರಯತ್ನಿಸಿದೆ. ಸಿರಾದಲ್ಲಿ ಮದುವೆ ಫೋಟೋ ತೆಗೆಯೋ ಗೆಳೆಯನೊಬ್ಬನ ಜೊತೆ ಸೇರಿ ಲೈಟ್‌ರೂಮ್ ಪ್ರೀಸೆಟ್ ಮಾಡಿದ್ವಿ. ಹೆಚ್ಚು ದಿನ ಬಾಳಲಿಲ್ಲ. ಒಂದು ಪ್ರೀಸೆಟ್‌ನ `.xmp` ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಹೀಗಿರುತ್ತೆ:

```
crs:Exposure2012="+0.35"
crs:Contrast2012="-12"
crs:Highlights2012="-40"
```

ಬರೀ ಅಂಕಿಗಳ ಪಟ್ಟಿ. ಕೊಂಡವರು ಒಂದೆರಡು ಅಂಕಿ ಬದಲಿಸಿ ತಮ್ಮ ಹೆಸರಲ್ಲಿ ಮಾರಿದ್ರೆ, ಇದು ನನ್ನದೇ ಅಂತ ತೋರಿಸೋದು ತುಂಬಾ ಕಷ್ಟ. ಅದಕ್ಕೇ ಫಾಂಟ್ ಕಡೆ ತಿರುಗಿದೆ.

ಆದ್ರೆ ಒಂದು ಕನ್ನಡ ಫಾಂಟ್ ಮೊದಲಿಂದ ಮಾಡೋದು ಎಷ್ಟು ಕೆಲಸ ಗೊತ್ತಾ? ಇಂಗ್ಲಿಷ್‌ನ ಹಾಗೆ 26 ಅಕ್ಷರ ಬರೆದ್ರೆ ಮುಗೀತು ಅನ್ನೋ ಹಾಗಿಲ್ಲ. 34 ವ್ಯಂಜನ. ಪ್ರತಿಯೊಂದಕ್ಕೂ ತಲಕಟ್ಟು ಇರೋ ರೂಪ, ತಲಕಟ್ಟು ಇಲ್ಲದ ರೂಪ, ಗುಡಿಸು ಕೊಟ್ಟಾಗಿನ ರೂಪ, ಕೆಳಗೆ ಬರೋ ಒತ್ತಕ್ಷರ. ನಾಲ್ಕೇ ರೂಪ ಅಂದ್ರೂ 136 ಆಯ್ತು. ಇನ್ನು ಸ್ವರ, ಅಂಕಿ, ಅರ್ಕಾವತ್ತು, ‘ಸ್ತ್ರೀ’ ತರಹದ ಎರಡು ಒತ್ತಿನ ಅಕ್ಷರ ಎಲ್ಲ ಬೇರೆ. ಯಾವ ಅಕ್ಷರ ಯಾವಾಗ ಯಾವ ರೂಪ ತಾಳಬೇಕು ಅನ್ನೋ ನಿಯಮಗಳನ್ನೂ ಫಾಂಟ್ ಒಳಗೆ ಬರೀಬೇಕು. ಹಳೇ ಪ್ರೆಸ್‌ನವರು ‘ಕನ್ನಡಕ್ಕೆ ಮೊಳೆ ಜಾಸ್ತಿ ಬೇಕು’ ಅಂದಿದ್ದು ಇದನ್ನೇ.

ನಾನು ಅಡ್ಡದಾರಿ ಹಿಡಿದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗೋ ಒಂದು ಕನ್ನಡ ಫಾಂಟ್ ಇಳಿಸಿಕೊಂಡು, ಅಕ್ಷರದ ಮೂಲೆಗಳನ್ನ ಸ್ವಲ್ಪ ಒರಟು ಮಾಡಿ, ಹೊಸ ಹೆಸರಿಟ್ಟು ಮಾರಾಟಕ್ಕೆ ಹಾಕಿದೆ. ಹತ್ತಾರು ಜನ ಕೊಂಡರು ಕೂಡ. ಮೂರನೇ ತಿಂಗಳಿಗೆ ಮಾರ್ಕೆಟ್‌ಪ್ಲೇಸ್‌ನಿಂದ ಮೇಲ್ ಬಂತು. ಫಾಂಟ್ ತೆಗೆದುಹಾಕಿದ್ದೇವೆ, ಕೊಂಡವರಿಗೆ ಹಣ ವಾಪಸ್ ಮಾಡುತ್ತಿದ್ದೇವೆ ಅಂತ. ತಪ್ಪು ಅವರದ್ದಲ್ಲ, ಪೂರ್ತಿ ನನ್ನದೇ. ಮೂಲ ಫಾಂಟ್ ಇದ್ದಿದ್ದು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ, ಗೂಗಲ್ ಫಾಂಟ್ಸ್‌ನಲ್ಲಿರೋ ಬಹುಪಾಲು ಕನ್ನಡ ಫಾಂಟ್‌ಗಳು ಅದರಲ್ಲೇ ಇವೆ. ಎಸ್‌ಐಎಲ್ ಸಂಸ್ಥೆ ರೂಪಿಸಿದ ಈ ಲೈಸೆನ್ಸ್‌ನ 1.1 ಆವೃತ್ತಿ 2007ರದ್ದು. ಅದು ಬಹಳ ಉದಾರಿ. ಆ ಫಾಂಟ್ ಬಳಸಿ ನೀವು ಪುಸ್ತಕ, ಲೋಗೋ, ಮದುವೆ ಪತ್ರಿಕೆ ಏನು ಬೇಕಾದ್ರೂ ಮಾಡಿ ಮಾರಬಹುದು. ಫಾಂಟನ್ನೇ ತಿದ್ದಬಹುದು. ಒಂದು ತಂತ್ರಾಂಶದ ಜೊತೆ ಸೇರಿಸಿ ಮಾರಬಹುದು. ಆದ್ರೆ ಫಾಂಟನ್ನು ಒಂಟಿಯಾಗಿ ಮಾರೋ ಹಾಗಿಲ್ಲ, ತಿದ್ದಿದ್ದನ್ನೂ ಅದೇ ಲೈಸೆನ್ಸ್‌ನಲ್ಲೇ ಬಿಡಬೇಕು. ಮೂಲದವರು ಹೆಸರನ್ನು ಕಾದಿರಿಸಿದ್ದರೆ ತಿದ್ದಿದ ಫಾಂಟ್‌ಗೆ ಆ ಹೆಸರೂ ಇಡೋ ಹಾಗಿಲ್ಲ.

ಸಿಕ್ಕಿಬಿದ್ದದ್ದು ಹೇಗೆ ಅಂದ್ರೆ ನಗು ಬರುತ್ತೆ. ಫಾಂಟ್ ಫೈಲ್ ಒಳಗೆ `name` ಅನ್ನೋ ಒಂದು ಪಟ್ಟಿ ಇರುತ್ತೆ. ಅದರಲ್ಲಿ 0ನೇ ಸಾಲು ಕಾಪಿರೈಟ್ ಯಾರದ್ದು ಅನ್ನೋದು, 13ನೇ ಸಾಲು ಲೈಸೆನ್ಸ್ ಯಾವುದು ಅನ್ನೋದು. ನಾನು ಮೇಲಿನ ಹೆಸರು ಮಾತ್ರ ಬದಲಿಸಿದ್ದೆ, ಆ ಸಾಲುಗಳು ಹಾಗೇ ಇದ್ವು. ಕದ್ದ ಸೈಕಲ್‌ಗೆ ಬಣ್ಣ ಹೊಡೆದು ಮಾಲೀಕನ ಚೀಟಿ ಸೀಟಿನ ಕೆಳಗೇ ಬಿಟ್ಟ ಹಾಗೆ. ಇದರಿಂದ ನಿಮಗೊಂದು ಉಪಯೋಗ ಇದೆ. ಪೆನ್‌ಡ್ರೈವ್‌ನಲ್ಲಿ ಬಂದ ಯಾವುದೇ ಫಾಂಟ್‌ನ ಹಣೆಬರಹ ನೋಡಬೇಕಾದ್ರೆ, ಫಾಂಟ್‌ಫೋರ್ಜ್ ಅನ್ನೋ ಉಚಿತ ತಂತ್ರಾಂಶದಲ್ಲಿ ತೆರೆದು ಆ ಎರಡು ಸಾಲು ಓದಿ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡ್ತೀನಿ. ಎಲ್ಲ ಮುಕ್ತ ಲೈಸೆನ್ಸೂ ಒಂದೇ ಅಲ್ಲ. ‘ಗುಬ್ಬಿ’ ಮತ್ತು ‘ನವಿಲು’ ಅನ್ನೋ ಕನ್ನಡ ಫಾಂಟ್‌ಗಳಿವೆ, ಅರವಿಂದ ವಿ. ಕೆ. ಮಾಡಿದ್ದು. ಗುಬ್ಬಿ ಅಂದ ತಕ್ಷಣ ನಮ್ಮ ಜಿಲ್ಲೆಯವರು ತಾಲೂಕು ಅಂದುಕೊಳ್ತೀವಿ, ಪಕ್ಕದಲ್ಲಿ ನವಿಲು ಇರೋದು ನೋಡಿದ್ರೆ ಅದು ಹಕ್ಕಿಯೇ ಇರಬೇಕು. ಗುಬ್ಬಿ ಇರೋದು ಜಿಪಿಎಲ್‌ನಲ್ಲಿ. ಜಿಪಿಎಲ್ ಮಾರಬೇಡ ಅನ್ನಲ್ಲ, ಮಾರು, ಆದ್ರೆ ಮೂಲವನ್ನೂ ಕೊಡು, ಕೊಂಡವನು ಅದನ್ನ ಪುಕ್ಕಟೆ ಹಂಚಿದ್ರೆ ತಡೀಬೇಡ ಅನ್ನುತ್ತೆ.

ಸರಿ, ಬೇರೆಯವರದ್ದು ಬೇಡ, ನಮ್ಮದೇ ಮಾಡೋಣ ಅಂತ ಹೊರಟೆ. ಆಗ ಕಣ್ಣಿಗೆ ಬಿದ್ದವರು ಈ ಕೊರಟಗೆರೆ ಪೇಂಟರ್. ಫ್ಲೆಕ್ಸ್ ಬಂದಮೇಲೆ ಅವರಿಗೆ ಕೆಲಸ ಕಮ್ಮಿ. ಈಗ ಹೆಚ್ಚಾಗಿ ಲಾರಿ, ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಹೆಸರು ಬರೀತಾರೆ. ಅವರ ‘ಶ್ರೀ’ ನೋಡಿದ್ರೆ ಸಾಕು, ಬ್ರಷ್ ಎಲ್ಲಿ ಒತ್ತಿದ್ರು, ಎಲ್ಲಿ ಎತ್ತಿದ್ರು ಅಂತ ಕಾಣುತ್ತೆ. ಪಾವಗಡದ ಕಡೆಯಿಂದಲೂ ಅವರಿಗೆ ಬೋರ್ಡ್ ಕೆಲಸ ಬರ್ತಿತ್ತಂತೆ, ಅಲ್ಲಿಗೆ ಕನ್ನಡದ ಜೊತೆ ತೆಲುಗೂ ಬರೀಬೇಕು. ‘ಎರಡೂ ಅಣ್ಣತಮ್ಮ ಇದ್ದಂಗೆ, ತಲಕಟ್ಟು ಮಾತ್ರ ಬೇರೆ’ ಅಂತಾರೆ. ಏಕ್ ಟೈಪ್‌ನವರ ಬಲೂ ಫಾಂಟ್ ಸರಣಿಯಲ್ಲಿ ಕನ್ನಡದ್ದಕ್ಕೆ ‘ಬಲೂ ತಮ್ಮ’, ತೆಲುಗಿನದ್ದಕ್ಕೆ ‘ಬಲೂ ತಮ್ಮುಡು’ ಅಂತ ಹೆಸರಿದೆ ಅಂತ ಹೇಳಿದಾಗ ಜೋರಾಗಿ ನಕ್ಕರು.

ಅರ್ಧ ಅವರಿಗೆ ಅನ್ನೋ ಯೋಚನೆ ನನ್ನದಲ್ಲ. ದೆಹಲಿಯ ಹನೀಫ್ ಕುರೇಶಿ ‘ಹ್ಯಾಂಡ್‌ಪೇಂಟೆಡ್ ಟೈಪ್’ ಅನ್ನೋ ಕೆಲಸ ಶುರು ಮಾಡಿದ್ರು. ಬೀದಿ ಪೇಂಟರ್‌ಗಳ ಅಕ್ಷರಗಳನ್ನ ಅವರ ಹೆಸರಲ್ಲೇ ಫಾಂಟ್ ಮಾಡೋದು, ಮಾರಿದ ಹಣದಲ್ಲಿ ಅರ್ಧ ಪೇಂಟರ್‌ಗೆ ಕೊಡೋದು. ಹನೀಫ್ 2024ರಲ್ಲಿ ತೀರಿಕೊಂಡರು. ಅವರ ಕೆಲಸ ನೋಡಿ ನಾನೂ ಅರ್ಧ ಅಂತ ಬರೆದೆ. ಈಗ ಆ ಕಾಗದಕ್ಕೆ ವಾಪಸ್ ಬರೋಣ.

ವಕೀಲರು ಮೊದಲು ಕೇಳಿದ ಪ್ರಶ್ನೆ, ‘ಇದರಲ್ಲಿ ಕಾಪಿರೈಟ್ ಯಾವುದಕ್ಕಿದೆ ಅಂದುಕೊಂಡಿದ್ದೀಯಾ?’ ಅಕ್ಷರಕ್ಕೆ ಅಂದೆ. ‘ಇಲ್ಲ’ ಅಂದ್ರು. 2002ರಲ್ಲಿ ‘ಆನಂದ ಎಕ್ಸ್‌ಪ್ಯಾಂಡೆಡ್ ಇಟಾಲಿಕ್ಸ್’ ಅನ್ನೋ ಪ್ರಕರಣದಲ್ಲಿ ನಮ್ಮ ಕಾಪಿರೈಟ್ ಬೋರ್ಡ್ ಒಂದು ತೀರ್ಮಾನ ಕೊಟ್ಟಿದೆ. ಅಕ್ಷರ ವಿನ್ಯಾಸವನ್ನು, ಅಂದ್ರೆ ಟೈಪ್‌ಫೇಸನ್ನು, 1957ರ ಕಾಪಿರೈಟ್ ಕಾಯ್ದೆಯಡಿ ಕಲಾಕೃತಿ ಅಂತ ನೋಂದಾಯಿಸೋಕೆ ಆಗಲ್ಲ ಅಂತ. ಅಮೆರಿಕದಲ್ಲೂ ಬಹುತೇಕ ಇದೇ. 1978ರ ಎಲ್ಟ್ರಾ ಪ್ರಕರಣದಲ್ಲಿ ಅಲ್ಲಿನ ಕೋರ್ಟು ಟೈಪ್‌ಫೇಸ್‌ಗೆ ಕಾಪಿರೈಟ್ ಇಲ್ಲ ಅಂದಿತ್ತು. ಅಲ್ಲಿ ಕಾಪಿರೈಟ್ ಸಿಗೋದು ಫಾಂಟ್ ಅನ್ನೋ ಸಾಫ್ಟ್‌ವೇರ್‌ಗೆ. ನಮ್ಮಲ್ಲೂ ಕಂಪ್ಯೂಟರ್ ಪ್ರೋಗ್ರಾಂ ಅನ್ನೋದು ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿ, ಕಥೆ ಕಾದಂಬರಿಯ ಸಾಲಿನಲ್ಲೇ. ಶಾಸನದ ಅಕ್ಷರದ ಬಗ್ಗೆ ಹೇಳಿದ್ದು ನೆನಪಿದೆಯಾ? ಅದೇ. ಆಕಾರಕ್ಕೆ ಒಡೆಯ ಇಲ್ಲ, ಫೈಲ್‌ಗೆ ಇದ್ದಾನೆ. ಡಿಸೈನ್ಸ್ ಕಾಯ್ದೆಯಲ್ಲಿ ಟೈಪ್‌ಫೇಸ್‌ಗೆ ಒಂದು ವರ್ಗ ಇದೆ, ಆದ್ರೆ ಅದಕ್ಕೆ ಪ್ರಕಟಣೆಗೆ ಮುಂಚೆಯೇ ನೋಂದಾಯಿಸಬೇಕು.

ಇದರ ಅರ್ಥ ಏನಾಯ್ತು ಅಂದ್ರೆ, ಫೈಲ್ ಮಾಡಿದವನು ನಾನು. ಕಾನೂನಿನ ಕಣ್ಣಲ್ಲಿ ಗಟ್ಟಿ ಹಕ್ಕು ಇರೋದು ನನಗೆ. ಐವತ್ತು ವರ್ಷ ಬ್ರಷ್ ಹಿಡಿದವರ ಕೈಯಲ್ಲಿ ಇರೋದು ನಾನು ಬರೆದುಕೊಟ್ಟ ಈ ಕಾಗದ ಒಂದೇ. ಅವರು ಬರೆದ ಹಾಳೆಗಳು ಚಿತ್ರಗಳು, ಆ ಚಿತ್ರಗಳಿಗೆ ಕಾಪಿರೈಟ್ ಇದೆ ಅಂತ ವಾದ ಮಾಡಬಹುದು, ನನ್ನ ಪ್ರಕಾರ ಮಾಡಲೂಬೇಕು. ಆದ್ರೆ ವಾದ ಅಂದ್ರೆ ಕೋರ್ಟು, ಕೋರ್ಟು ಅಂದ್ರೆ ಖರ್ಚು. ಅದಕ್ಕೇ ಕಾಗದ ಸರಿ ಇರಬೇಕು. ನನ್ನದು ಸರಿ ಇರಲಿಲ್ಲ.

ಕಾಯ್ದೆಯ 19ನೇ ಸೆಕ್ಷನ್ ತೆಗೆದು ತೋರಿಸಿದ್ರು. ಹಕ್ಕು ವರ್ಗಾವಣೆ ಹೇಗಿರಬೇಕು ಅನ್ನೋದು ಅಲ್ಲಿದೆ, 30ಎ ಸೆಕ್ಷನ್ ಪ್ರಕಾರ ಲೈಸೆನ್ಸ್‌ಗೂ ಅದೇ ನಿಯಮಗಳು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ ಐದು ವರ್ಷ ಅಂತ ಲೆಕ್ಕ. ನಾನು ಬರೆದಿರಲಿಲ್ಲ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಅದನ್ನೂ ಬರೆದಿರಲಿಲ್ಲ, ಆದ್ರೆ ನಾನು ಮಾರೋಕೆ ಹೊರಟಿದ್ದು ಜಗತ್ತಿಗೆಲ್ಲ ಮಾರೋ ಮಾರ್ಕೆಟ್‌ಪ್ಲೇಸ್‌ನಲ್ಲಿ. ಅಲ್ಲಿ ಸೇರುವಾಗ ‘ಈ ಕೃತಿಯನ್ನು ವಿಶ್ವಾದ್ಯಂತ ಮಾರುವ ಹಕ್ಕು ನನಗಿದೆ’ ಅಂತ ಟಿಕ್ ಮಾಡಬೇಕು. ನನ್ನ ಕಾಗದದ ಪ್ರಕಾರ ಆ ಟಿಕ್ ಸುಳ್ಳು.

ಮೂರನೆಯದ್ದು ಇನ್ನೂ ಗಟ್ಟಿ. ಬೇರೆ ರೀತಿ ಬರೆದಿಲ್ಲದಿದ್ರೆ, ಹಕ್ಕು ತಗೊಂಡವನು ಒಂದು ವರ್ಷದೊಳಗೆ ಅದನ್ನ ಬಳಸಬೇಕು. ಇಲ್ಲಾಂದ್ರೆ ಆ ವರ್ಗಾವಣೆ ಬಿದ್ದುಹೋಗುತ್ತೆ. ನಾನು ಒತ್ತಕ್ಷರ ಸರಿ ಮಾಡ್ತಾ, ‘ರಾಷ್ಟ್ರ’ ಅನ್ನೋ ಪದದಲ್ಲಿ ಎರಡು ಒತ್ತು ಒಂದರ ಮೇಲೊಂದು ಹತ್ತೋದನ್ನ ಬಿಡಿಸ್ತಾ ಹದಿನಾಲ್ಕು ತಿಂಗಳು ಕಳೆದಿದ್ದೆ. ಎರಡು ತಿಂಗಳು ಮೀರಿತ್ತು. ‘ಬರೀ ಕಾಗದ’ ಅಂದಿದ್ದು ಅದಕ್ಕೆ.

ಒಂದು ಮಾತು ಒಪ್ಪಿಕೊಳ್ತೀನಿ. ಆವತ್ತು ರಾತ್ರಿ ನನ್ನ ತಲೆಗೆ ಬಂದ ಮೊದಲ ಯೋಚನೆ ಒಳ್ಳೇದಾಗಿರಲಿಲ್ಲ. ಅಕ್ಷರದ ಆಕಾರಕ್ಕೆ ಹೇಗೂ ಕಾಪಿರೈಟ್ ಇಲ್ಲ, ಕಾಗದವೂ ಬಿದ್ದುಹೋಗಿದೆ, ಫೈಲ್ ನನ್ನದು. ಸುಮ್ಮನೆ ಮಾರಿದ್ರೆ ಅವರಿಗೆ ಗೊತ್ತೂ ಆಗಲ್ಲ. ಹಾಗೆ ಮಾಡಲಿಲ್ಲ ಅನ್ನೋದು ದೊಡ್ಡಸ್ತಿಕೆ ಅಲ್ಲ, ಹಾಗೆ ಯೋಚಿಸೋಕೆ ಅಷ್ಟು ಸುಲಭ ಅನ್ನೋದನ್ನ ಹೇಳ್ತಿದೀನಿ.

ಮಾರನೇ ಭಾನುವಾರ ಬಸ್ ಹತ್ತಿ ಕೊರಟಗೆರೆಗೆ ಹೋದೆ. ಎಲ್ಲ ಹೇಳಿದೆ. ಅವರು ತಿನ್ನರ್‌ನಲ್ಲಿ ಬ್ರಷ್ ತೊಳೀತಾ ಕೇಳಿದ್ರು, ಆಮೇಲೆ ಅಂದ್ರು, ‘ಅದೆಲ್ಲ ಇರ್ಲಿ ಕಣಪ್ಪ, ನನ್ನ ಅರ್ಧ ಅಂದ್ರೆ ಯಾವುದ್ರಲ್ಲಿ ಅರ್ಧ?’

ಮೂರು ವರ್ಷ ಬಿ.ಕಾಂ ಓದಿದ ನನಗೆ ಹೊಳೆಯದ ಪ್ರಶ್ನೆ. ಅಲ್ಲೇ ಕೂತು ಲೆಕ್ಕ ಹಾಕಿದ್ವಿ. ಅಂಕಿಗಳು ಉದಾಹರಣೆಗೆ ಮಾತ್ರ. ಫಾಂಟ್ ಬೆಲೆ 20 ಡಾಲರ್, 40 ಲೈಸೆನ್ಸ್ ಹೋಯ್ತು ಅಂತ ಇಟ್ಕೊಳ್ಳಿ. ಒಟ್ಟು 800 ಡಾಲರ್. ಮಾರ್ಕೆಟ್‌ಪ್ಲೇಸ್ ಅರ್ಧ ಇಟ್ಕೊಳ್ಳುತ್ತೆ ಅಂತ ಇಟ್ಕೊಳ್ಳಿ, ಇದು ಸೈಟಿಂದ ಸೈಟಿಗೆ ಬೇರೆ, ನಿಯಮ ಬದಲಾಗ್ತಾನೂ ಇರುತ್ತೆ. ಉಳಿದಿದ್ದು 400. ಇನ್ನು ಆ ಸೈಟು ಅಮೆರಿಕದ್ದಾಗಿದ್ದು, ನಮಗೆ ಕೊಡೋದನ್ನ ರಾಯಲ್ಟಿ ಅಂತ ಪರಿಗಣಿಸಿದ್ರೆ, ಅಮೆರಿಕದ ಗ್ರಾಹಕರಿಂದ ಬಂದ ಭಾಗಕ್ಕೆ ಅಲ್ಲೇ ತೆರಿಗೆ ಹಿಡೀತಾರೆ. `W-8BEN` ಅನ್ನೋ ಫಾರಂ ತುಂಬಿ ಭಾರತದ ನಿವಾಸಿ ಅಂತ ತೋರಿಸಿದ್ರೆ ಎರಡು ದೇಶಗಳ ಒಪ್ಪಂದದ ಪ್ರಕಾರ 15 ಶೇಕಡಾ, ತುಂಬದಿದ್ರೆ 30. ನಲವತ್ತರಲ್ಲಿ 16 ಲೈಸೆನ್ಸ್ ಅಮೆರಿಕದ್ದು ಅಂದ್ರೆ, ಆ ಭಾಗ 160 ಡಾಲರ್, ಅದರ 15 ಶೇಕಡಾ 24. ಕೈಗೆ ಬಂದಿದ್ದು 376. ಬ್ಯಾಂಕ್ ಖರ್ಚು, ಡಾಲರನ್ನ ರೂಪಾಯಿ ಮಾಡೋ ಖರ್ಚು ಬೇರೆ.

ಈಗ ನನ್ನ ಹಳೇ ಕಾಗದ ನೋಡಿ. ‘ಮಾರಾಟದ ಬೆಲೆಯಲ್ಲಿ ಅರ್ಧ.’ ಮಾರಾಟದ ಬೆಲೆ ಒಟ್ಟು 800, ಅದರ ಅರ್ಧ 400 ಅವರಿಗೆ. ನನ್ನ ಕೈಗೆ ಬಂದಿದ್ದೇ 376. ಅಂದ್ರೆ ಪ್ರತಿ ಫಾಂಟ್ ಮಾರಿದಾಗಲೂ ನಾನು ಜೇಬಿಂದ ಸೇರಿಸಿ ಕೊಡಬೇಕಿತ್ತು! ಅವರು ಬಿದ್ದು ಬಿದ್ದು ನಕ್ಕರು. ‘ಹಳೇ ಕಾಗದವೇ ಇರ್ಲಿ ಬಿಡು’ ಅಂದ್ರು.

ಹೊಸ ಕಾಗದದಲ್ಲಿ ಹೀಗೆ ಬರೆದಿದ್ದೀವಿ. ಮಾರ್ಕೆಟ್‌ಪ್ಲೇಸ್ ಕಮಿಷನ್ ಕಳೆದು ನನ್ನ ಖಾತೆಗೆ ಬರಬೇಕಾದ ಮೊತ್ತ, ಅಮೆರಿಕದ ತೆರಿಗೆ ಹಿಡಿಯೋಕೆ ಮುಂಚಿನದ್ದು, ಅದರ ಅರ್ಧ ಅವರಿಗೆ. ಮೇಲಿನ ಲೆಕ್ಕದಲ್ಲಿ 200 ಡಾಲರ್. ತೆರಿಗೆಗೆ ಮುಂಚೆ ಯಾಕೆ ಅಂದ್ರೆ, ಆ 24 ಡಾಲರ್ ತೆರಿಗೆ ಹಿಡಿದಿರೋದು ನನ್ನ ಹೆಸರಲ್ಲಿ. ಇಲ್ಲಿ ನನ್ನ ರಿಟರ್ನ್ಸ್‌ನಲ್ಲಿ ಅದಕ್ಕೆ ಕ್ರೆಡಿಟ್ ಕೇಳೋ ಅವಕಾಶ ನನಗಿದೆ, ಅವರಿಗಿಲ್ಲ. ಅವರ ಪಾಲಿನಿಂದ ಅದನ್ನ ಕಳೆಯೋದು ಮೋಸ. ಪ್ರತಿ ಮೂರು ತಿಂಗಳಿಗೆ ಸೈಟಿನ ಮಾರಾಟದ ಪಟ್ಟಿ ಪ್ರಿಂಟ್ ತೆಗೆದು ಅವರಿಗೆ ಕೊಡಬೇಕು ಅಂತಲೂ ಇದೆ. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಅಂಕಿ ಚೆನ್ನಾಗಿ ಬರುತ್ತೆ. ಅವಧಿ ಹತ್ತು ವರ್ಷ. ಪ್ರದೇಶ, ಇಡೀ ಜಗತ್ತು. ಒಂದು ವರ್ಷದೊಳಗೆ ಬಿಡುಗಡೆ ಆಗದಿದ್ರೆ ಹಕ್ಕು ವಾಪಸ್ ಅನ್ನೋದನ್ನ ಮಾತ್ರ ತೆಗೆಸಬೇಡಿ ಅಂತ ನಾನೇ ಹೇಳಿದೆ.

ವಕೀಲರು ಇನ್ನೊಂದು ಸಾಲು ಸೇರಿಸಿದ್ರು, ನಾವಿಬ್ಬರೂ ಯೋಚಿಸದೇ ಇದ್ದದ್ದು. ಕೊಂಡವರಿಗೆ ನಾವು ಕೊಡೋದು ಮಾಮೂಲಿ ಡೆಸ್ಕ್‌ಟಾಪ್ ಲೈಸೆನ್ಸ್, ಇಷ್ಟು ಕಂಪ್ಯೂಟರ್‌ಗೆ ಅಂತ. ನಾಳೆ ಯಾವುದಾದ್ರೂ ಕಂಪನಿ ಬಂದು ‘ನಮ್ಮ ಆ್ಯಪ್ ಒಳಗೆ ಈ ಫಾಂಟ್ ಸೇರಿಸ್ತೀವಿ’ ಅಂದ್ರೆ ಅದು ಬೇರೆ ಲೈಸೆನ್ಸ್, ಅದರ ಬೆಲೆ ಬೇರೆ, ಮಾರ್ಕೆಟ್‌ಪ್ಲೇಸ್ ಹೊರಗೆ ನೇರವಾಗಿ ನನ್ನ ಹತ್ರ ಬರೋ ದುಡ್ಡು. ಹಳೇ ಕಾಗದದಲ್ಲಿ ಆ ದುಡ್ಡಿನ ಮಾತೇ ಇರಲಿಲ್ಲ. ಈಗ ಅದರಲ್ಲೂ ಅರ್ಧ ಅಂತ ಇದೆ.

ಫಾಂಟ್ ಇನ್ನೂ ಮಾರಾಟಕ್ಕೆ ಬಂದಿಲ್ಲ. ಯೂನಿಕೋಡ್ ಫಾಂಟ್ ಆದ್ದರಿಂದ ಫೋಟೋಶಾಪ್‌ನಲ್ಲಿ ಹಾಕಿದಾಗ ಒತ್ತಕ್ಷರ ಪಕ್ಕಕ್ಕೆ ಬಂದು ಕೂರೋ ತೊಂದರೆ ಕಾಣ್ತಿತ್ತು. ಅದು ಫಾಂಟ್ ತಪ್ಪಲ್ಲ, ಟೈಪ್ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳಿಗೆ ಬೇಕಾದ ಲೇಔಟ್ ಆನ್ ಮಾಡಿರಲಿಲ್ಲ ಅಷ್ಟೇ. ಆದ್ರೆ ಕೊಂಡವರಿಗೆ ಅದು ಗೊತ್ತಿರಲ್ಲ, ಫಾಂಟ್ ಕೆಟ್ಟಿದೆ ಅಂತ ರೀಫಂಡ್ ಕೇಳ್ತಾರೆ. ಹಾಗಾಗಿ ಫೈಲ್ ಜೊತೆ ಒಂದು ಪುಟದ ಸೂಚನೆ ಬರೀತಿದೀನಿ, ಪರೀಕ್ಷೆಗೆ ‘ಸ್ತ್ರೀ’, ‘ರಾಷ್ಟ್ರ’, ‘ಜ್ಞಾನ’, ‘ಅರ್ಕ’ ನಾಲ್ಕು ಪದ ಟೈಪ್ ಮಾಡಿ ನೋಡಿ ಅಂತ.

ಫಾಂಟ್ ಹೆಸರಿನ ಬಗ್ಗೆ ಇನ್ನೂ ಜಗಳ ನಡೀತಿದೆ. ನಾನು ಅವರ ಹೆಸರೇ ಇಡೋಣ ಅಂತೀನಿ. ಅವರು ಬೇಡ, ಅವರಿಗೆ ಬ್ರಷ್ ಹಿಡಿಯೋದು ಕಲಿಸಿದ ಗುರುಗಳ ಹೆಸರಿಡು ಅಂತಾರೆ. ಕೆ. ಪಿ. ರಾವ್ ಅವರೂ ಹೀಗೇ ಮಾಡಿದ್ರು ಅಂತ ಹೇಳಿದೆ. ‘ಅವ್ರು ಯಾರೋ ಗೊತ್ತಿಲ್ಲ, ಸರಿಯಾಗೇ ಮಾಡವ್ರೆ’ ಅಂದ್ರು. ‘ಳ’ದ ಒತ್ತು ಮೊದಲ ಹಾಳೆಯಲ್ಲಿ ಸರಿ ಬಂದಿರಲಿಲ್ಲ, ಬರೋ ಭಾನುವಾರ ಮತ್ತೆ ಬರೆದುಕೊಡ್ತೀನಿ ಅಂದಿದ್ದಾರೆ.